ಮೀಟರಿನ ಹಣೆಗೆ ಕುಂಕುಮ

ಹರಿಹರದಲ್ಲಿರುವ ನನ್ನ ಅಕ್ಕನ ಮನೆಗೆ ಆ ತಿಂಗಳು ಕರೆಂಟು ಬಿಲ್ಲು ಬಂತು. ಬಿಲ್ಲು ಪ್ರತಿ ತಿಂಗಳೂ ಬರುತ್ತದೆ. ಆದರೆ ಉಚಿತ ವಿದ್ಯುತ್ ಯೋಜನೆ ಬಂದ ಮೇಲೆ ಅದರಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ ಎಂದೇ ಇರುತ್ತಿತ್ತು. ಈ ಸಲ ಬಳಕೆ ಇನ್ನೂರ ಮೂವತ್ತು ಯೂನಿಟ್ ಎಂದಿತ್ತು. ಇನ್ನೂರು ದಾಟಿದರೆ ಉಚಿತವೇ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಅಕ್ಕ ಬೇಡದ ದೀಪ ಆರಿಸುತ್ತಾ ಮನೆಯೆಲ್ಲ ಓಡಾಡುವವಳು. ಕಟ್ಟುವುದಿಲ್ಲ ಎಂದು ಕೂತಳು.

ಭಾವನಿಗೆ ಬಟ್ಟೆ ಅಂಗಡಿ. ಯಾವ ವ್ಯವಹಾರವೂ ಮಾತಿನಲ್ಲೇ ಬಗೆಹರಿಯಬೇಕು ಎನ್ನುವವರು. ಸಹಾಯವಾಣಿಗೆ ಫೋನು ಮಾಡಿದರು. ಸಂಗೀತ ಕೇಳುತ್ತಾ ಕಾದು, ಹೇಳಿದ ಗುಂಡಿಗಳನ್ನೆಲ್ಲ ಒತ್ತಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಖಾತೆ ಸಂಖ್ಯೆ ಕೇಳಿದಳು, ಮೀಟರಿನಲ್ಲಿ ಈಗ ಎಷ್ಟಿದೆ ಎಂದು ಕೇಳಿದಳು, ದೂರಿನ ಸಂಖ್ಯೆ ಕೊಟ್ಟಳು. ಮರುದಿನ ದೂರು ಇತ್ಯರ್ಥವಾಗಿದೆ ಎಂದು ಸಂದೇಶ ಬಂತು. ಭಾವ ಮತ್ತೆ ಫೋನು ಹಚ್ಚಿದರು. ಈ ಸಲ ಸಿಕ್ಕವನು ಬೇರೆ. ಮೊದಲಿಂದ ಎಲ್ಲ ಹೇಳಿಸಿಕೊಂಡು, ನೀವು ಹೇಳಿದ ರೀಡಿಂಗೂ ಬಿಲ್ಲಿನ ರೀಡಿಂಗೂ ತಾಳೆಯಾಗುತ್ತದೆ, ಬಿಲ್ಲು ಸರಿ ಇದೆ ಎಂದ.

ದಾವಣಗೆರೆಯಲ್ಲಿ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ನಾನು ಆ ಭಾನುವಾರ ಹೋಗಿದ್ದೆ. ಮೇಲ್ ಕಳಿಸೋಣ ಎಂದೆ.

"ಪೇಪರಿನೋರಿಗೆ ಎಲ್ಲಾ ಬರ್ದೇ ಆಗ್ಬೇಕು," ಎಂದರು ಭಾವ. "ಮೇಲ್ ಯಾರು ಓದ್ತಾರಪ್ಪ? ಫೋನಾದ್ರೆ ಆ ಕಡೆ ಒಬ್ಬ ಮನುಷ್ಯ ಅದಾನೆ ಅಂತ ಗೊತ್ತಾಗ್ತೈತೆ."

"ಇಬ್ರು ಮನುಷ್ಯರು ಸಿಕ್ಕರಲ್ಲ, ಏನಾತು?" ಎಂದಳು ಅಕ್ಕ. "ಸೀರೆ ಮಾರಿದಂಗೆ ಮಾತಾಡಿದ್ರಿ. ಅವ್ರು ತಗಳ್ಳಿಲ್ಲ."

ಮೇಲ್‌ಗೆ ಆಧಾರ ಬೇಕು. ಹಿಂದಿನ ಎರಡು ಬಿಲ್ಲು ತೆಗೆಸಿದೆ. ಮೀಟರಿನ ಫೋಟೊ ಕಳಿಸು ಎಂದೆ. ಅಕ್ಕ ಹೊರಗೆ ಹೋಗಲಿಲ್ಲ. ಆಯುಧಪೂಜೆಯ ದಿನ ತೆಗೆದ ಫೋಟೊವನ್ನೇ ಕಳಿಸಿ, "ಇದು ಚೆನ್ನಾಗಿ ಬಂದೈತೆ ನೋಡು," ಎಂದಳು.

ಚೆನ್ನಾಗಿಯೇ ಬಂದಿತ್ತು. ಆ ಮನೆಯಲ್ಲಿ ಬೈಕು, ಮಿಕ್ಸಿ, ನೀರಿನ ಮೋಟರಿಗೆಲ್ಲ ಪೂಜೆಯಾಗುತ್ತದೆ, ಮೀಟರಿಗೂ ಆಗುತ್ತದೆ. ಭಾವ ಮೂರು ಬೆರಳಿನಲ್ಲಿ ವಿಭೂತಿ ಎಳೆದು ನಡುವೆ ನೀರು ಕಲಸಿದ ಕುಂಕುಮ ಇಟ್ಟಿದ್ದರು. ಕುಂಕುಮ ಅಂಕಿ ಕಾಣುವ ಗಾಜಿನ ಮೇಲೆ ಕೂತು, ಹತ್ತರ ಸ್ಥಾನದ ಅಂಕಿಯ ಎಡಭಾಗವನ್ನು ಮುಚ್ಚಿತ್ತು. ಅಲ್ಲಿ ಎಂಟು ಬಂದರೆ ಮೂರಾಗಿ ಕಾಣುತ್ತದೆ. ಹಬ್ಬದ ನಂತರ ಬಂದ ಬಿಲ್ಲು ನೋಡಿದೆ. ಹತ್ತರ ಸ್ಥಾನದಲ್ಲಿ ಮೂರೇ ಇತ್ತು, ಬಳಕೆಯೂ ಎಂದಿಗಿಂತ ಐವತ್ತರಷ್ಟು ಕಡಿಮೆ. ಮೊತ್ತ ಹೇಗೂ ಸೊನ್ನೆ, ಯಾರೂ ಗಮನಿಸಿರಲಿಲ್ಲ. ದೀಪಾವಳಿಗೆ ಅಕ್ಕ ಗಾಜು ಒರೆಸಿದ್ದಳು. ಮುಂದಿನ ರೀಡಿಂಗ್ ಸರಿಯಾಗಿ ಬಂತು, ಹಿಂದಿನ ತಿಂಗಳು ಬಿಟ್ಟುಹೋದ ಐವತ್ತು ಯೂನಿಟ್ ಈ ತಿಂಗಳಿಗೆ ಸೇರಿತು. ಅದನ್ನು ಕಳೆದರೆ ಬಳಕೆ ನೂರ ಎಂಬತ್ತು.

ಭಾವ ಫೋಟೊ ದೊಡ್ಡದು ಮಾಡಿ ನೋಡಿದರು. "ಹಂಗಾದ್ರೆ ತಪ್ಪು ನನ್ದಾ?"

"ರೀಡಿಂಗ್ ತಗಳ್ಳೋನು ಒರೆಸಿ ನೋಡ್ಬೇಕಿತ್ತು," ಎಂದಳು ಅಕ್ಕ.

"ದೇವರ ಕುಂಕುಮ, ಬೇರೆಯೋರ ಮನೇಲಿ ಹೆಂಗೆ ಒರೆಸ್ತಾನೆ?" ಎಂದು ಭಾವ ಅವನ ಪರ ನಿಂತರು.

ಮೇಲ್‌ನ ವಿಷಯದ ಸಾಲಿನಲ್ಲಿ ಖಾತೆ ಸಂಖ್ಯೆ ಹಾಕಿದೆ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆ. ಹೋದ ತಿಂಗಳ ಬಿಲ್ಲು, ಈ ತಿಂಗಳ ಬಿಲ್ಲು, ಹಬ್ಬದ ಫೋಟೊ, ಅಂದು ತೆಗೆದ ಫೋಟೊ ಸೇರಿಸಿ, ಮೀಟರಿನಲ್ಲೇ ಉಳಿದಿರುವ ಹಿಂದಿನ ತಿಂಗಳ ರೀಡಿಂಗ್ ಪರಿಶೀಲಿಸಿ ಎರಡೂ ಬಿಲ್ಲು ತಿದ್ದಬೇಕೆಂದು ಕೋರಿದೆ. ತಕ್ಷಣ ಬಂದ ಉತ್ತರ ಯಂತ್ರದ್ದು, ಅದರಲ್ಲಿ ನೋಂದಣಿ ಸಂಖ್ಯೆ ಮಾತ್ರ ಇತ್ತು. ಮಾರನೆಯ ದಿನ ಬಂದದ್ದರಲ್ಲಿ, ದೂರನ್ನು ಹರಿಹರದ ಉಪವಿಭಾಗಕ್ಕೆ ಕಳಿಸಲಾಗಿದೆ ಎಂದಿತ್ತು. ಆಮೇಲೆ ಸದ್ದಿಲ್ಲ. ಕಟ್ಟುವ ಕೊನೆಯ ದಿನ ಹತ್ತಿರ ಬರುತ್ತಿತ್ತು.

ಆಗ ಅಕ್ಕನೇ ಉಪವಿಭಾಗದ ಕಚೇರಿಗೆ ಫೋನು ಮಾಡಿ, ಮೇಲ್‌ನ ನೋಂದಣಿ ಸಂಖ್ಯೆ ಹೇಳಿದಳು. ಅತ್ತ ಕಡೆಯವರು ಕಂಪ್ಯೂಟರಿನಲ್ಲಿ ತೆಗೆದು ಫೋಟೊ ನೋಡಿದರಂತೆ. ಆಮೇಲೆ ನಕ್ಕರಂತೆ. "ಕಾಣ್ತೈತ್ರಿ ಅಮ್ಮಾರೆ, ಕುಂಕುಮ ಕಾಣ್ತೈತಿ. ನಾಳೆ ನಮ್ಮೋರು ಬರ್ತಾರೆ. ಅಲ್ಲೀಗಂಟ ಕಟ್ಟಬ್ಯಾಡ್ರಿ."

ಮರುದಿನ ಒಬ್ಬರು ಬಂದು ಮೀಟರಿನ ಗುಂಡಿ ಒತ್ತುತ್ತಾ ಹಿಂದಿನ ತಿಂಗಳ ಅಂಕಿ ಬರುವವರೆಗೆ ನಿಂತರು. ಹತ್ತರ ಸ್ಥಾನದಲ್ಲಿ ಎಂಟಿತ್ತು. ಫೋಟೊ ತೆಗೆದುಕೊಂಡು, ಚಹಾ ಕುಡಿದು ಹೋದರು. ಕೊನೆಯ ದಿನಕ್ಕೆ ಮುಂಚೆಯೇ ಅಕ್ಕ ಕಚೇರಿಗೆ ಹೋಗಿ ತಿದ್ದಿದ ಬಿಲ್ಲು ತಂದಳು. ಅಲ್ಲಿಂದಲೇ ಅಂಗಡಿಗೆ ಫೋನು ಮಾಡಿದಳಂತೆ.

"ಸೊನ್ನೆ ಬಂತು ನೋಡ್ರಿ."

"ಬರ್ದೆ ಇರ್ತೈತಾ? ನಾನು ಎರಡು ಸಲ ಫೋನ್ ಮಾಡಿಲ್ಲಾ?" ಎಂದರಂತೆ ಭಾವ.

ಅಕ್ಕ ಫೋನು ಇಟ್ಟಳು. ಬಿಲ್ಲು ಮಡಿಸಿ ಚೀಲಕ್ಕೆ ಹಾಕಿಕೊಂಡು, ದಾರಿಯಲ್ಲಿ ತರಕಾರಿ ಕೊಂಡು ಮನೆಗೆ ಹೋದಳು.