ಯಾರೂ ತಿನ್ನದ ಫಸಲು

ಬೀದರಿನ ಆಭರಣದಂಗಡಿಯೊಂದರಲ್ಲಿ ನಾನು ಸಂಬಳಕ್ಕಿರುವವನು. ಬಂಗಾರದ ಬಗ್ಗೆ ನನ್ನ ತಿಳಿವಳಿಕೆ ಎಷ್ಟೆಂದರೆ, "ದೊಡ್ಡ ಗಣಿ ಸಿಕ್ಕಿದೆ, ರೇಟು ಅರ್ಧಕ್ಕಿಳಿಯುತ್ತೆ" ಎಂಬ ಮೊಬೈಲ್ ವಿಡಿಯೊ ನಂಬಿ ಹೋದ ದಸರೆಗೆ ನನ್ನ ಉಂಗುರವನ್ನೇ ಮಾರಿದೆ. ರೇಟು ಏರಿತು. ಉಂಗುರ ಕರಗಿಸಿದ ಖಾಜಾ ಮಿಯಾ ಇಂದಿಗೂ ನನ್ನ ಬರಿಬೆರಳು ನೋಡಿ ನಗುತ್ತಾರೆ.

ಖಾಜಾ ಮಿಯಾ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಹಳೆಯ ಬಂಗಾರ ಪರೀಕ್ಷಿಸಿ ಕರಗಿಸುವವರು. ಯಾರನ್ನೂ ನಂಬರು, ತಮ್ಮ ಕೈಯನ್ನೂ. ಕೈ ತೊಳೆದ ನೀರನ್ನು ಚೆಲ್ಲದೆ ಬಕೆಟ್ಟಿನಲ್ಲಿಡುತ್ತಾರೆ. ಕಾಲೊರಸಿದ ಗೋಣಿಯನ್ನು ವರ್ಷಕ್ಕೊಮ್ಮೆ ಸುಟ್ಟು, ಬೂದಿಯಿಂದ ಬಂಗಾರದ ಕಣ ಹೆಕ್ಕುತ್ತಾರೆ.

ಕಳೆದ ವಾರ ಠಾಣಾ ಕುಶನೂರಿನಿಂದ ನನ್ನ ಸೋದರತ್ತೆ ಕಾಂತಾಬಾಯಿ ಬಂದಳು. ಇದ್ದೊಂದು ಬಂಗಾರದ ಗುಂಡಿನ ಬೋರಮಾಳ ಸರ ಸೆರಗಿನ ಗಂಟಿನಲ್ಲಿತ್ತು; ಬಿಚ್ಚಿ ಮಿಯಾರ ಮುಂದಿಟ್ಟಳು.

"ಹೊಸಾ ಗಣಿ ಸಿಕ್ಕದಂತ, ಬೆಲಿ ಬೀಳ್ತದಂತ. ಭಾಲ್ಕಿ ವ್ಯಾಪಾರಿ ಇವತ್ತೇ ಕೊಡು ಅಂತಾನ. ಎಷ್ಟು ಚೊಕ್ಕ ಅದ ನೋಡಿ ಹೇಳ್ರಿ, ಅವ ಮೋಸ ಮಾಡಬಾರದು."

ಮಿಯಾ ಸರವನ್ನು ಕಪ್ಪು ಒರೆಗಲ್ಲಿಗೆ ತಿಕ್ಕಿ, ಮೂಡಿದ ಬಂಗಾರದ ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟರು.

"ಮಾಲು ಛಲೋ ಅದ. ಬೆಲಿ ಬೀಳೋ ಮಾಲು ಅವನಿಗ್ಯಾಕ ಬೇಕಾಗ್ಯದ್ರಿ ಬಾಯಿ?"

"ನೀವೂ ಅಂಗಡಿಯವರೇ. ನಿಮಗ್ಯಾಕ ನನ್ನ ಕಾಳಜಿ? ಹೊಸಾ ತೊಗರಿ ಬಂದಾಗ ರೇಟು ಬೀಳೋದು ನನಗ ಗೊತ್ತಿಲ್ಲೇನು?"

"ತೊಗರಿ ತಿಂತೀರಿ, ಮುಗೀತದ. ಬಂಗಾರ ಯಾರು ತಿಂದಾರ? ಬಾದಶಹರ ಕಾಲದ್ದೂ ಕರಗಿ ಕರಗಿ ಯಾರದೋ ಕೊರಳಾಗ ಅದ. ದುನಿಯಾದಾಗ ತೆಗೆದದ್ದು ಎರಡು ಲಕ್ಷ ಟನ್ನಿನ ಮ್ಯಾಲ ಆಗ್ಯದ, ಹೆಚ್ಚುಕಮ್ಮಿ ಎಲ್ಲಾ ಜನರ ಕೈಯಾಗೇ ಅದ. ಎಲ್ಲಾ ಗಣಿ ಕೂಡಿ ವರ್ಷಕ್ಕ ಮೂರೂವರಿ ಸಾವಿರ ಟನ್ನಿನ ಮ್ಯಾಲ ಚೂರು. ಮನ್ಯಾಗ ಅರವತ್ತು ಚೀಲ ಇದ್ದಾಗ ಹೊಸಾದು ಒಂದೇ ಚೀಲ ಬಂದಂಗ. ಮತ್ತ ಗಣಿ ಇವತ್ತು ಸಿಕ್ಕರ ಮಾಲು ಬರಲಿಕ್ಕ ಹತ್ತು-ಹದಿನೈದು ವರ್ಷ."

ನಾನು ಮೊಬೈಲಿನಲ್ಲಿ ಭಾಗಿಸಿ ನೋಡಿದೆ. ಹೆಚ್ಚುಕಮ್ಮಿ ಅರವತ್ತೇ ಬಂತು. ದಸರೆಯಲ್ಲೂ ಇದೇ ಮೊಬೈಲು ನನ್ನ ಜೇಬಿನಲ್ಲಿತ್ತು.

"ಹಂಗಾರ ಬೆಲಿ ಬೀಳೋದೇ ಇಲ್ಲೇನು?" ಅತ್ತೆ ಕಣ್ಣು ಕಿರಿದು ಮಾಡಿದಳು.

"ಹಂಗ ನಾ ಹೇಳಂಗಿಲ್ಲ. ಅರವತ್ತು ಚೀಲ ಇಟ್ಟವರು ಹೆದರಿ ಮಾರಲಿಕ್ಕ ನಿಂತರ ಬೀಳ್ತದ. ಆ ಒಂದು ಚೀಲದಿಂದಲ್ಲ. ನಿಮಗ ಹೆದರಿಸಿದ್ದು ಗಣಿ ಅಲ್ಲ, ವ್ಯಾಪಾರಿ."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಭಾಲ್ಕಿಯವನೇ. "ಯಪ್ಪಾ, ನಾಳಿ ಅಗ್ಗ ಆಗ್ತದಲ್ಲ, ನಾಳಿನೇ ಬೇರೆಯವರ ಹತ್ತಿರ ತಗೋ," ಎಂದು ಅತ್ತೆ ಫೋನು ಇಟ್ಟುಬಿಟ್ಟು, ಸರವನ್ನು ಕೊರಳಿಗೆ ಹಾಕಿಕೊಂಡಳು.

ಎದ್ದವಳು ಬಾಗಿಲಲ್ಲಿ ನಿಂತಳು. "ಮಿಯಾ, ಆ ಕಲ್ಲಿನ ಮ್ಯಾಲಿನ ಗೆರಿ ನಂದು."

"ನಲವತ್ತು ವರ್ಷದಾಗ ಇದನ್ನ ಕೇಳಿದವರು ನೀವೇ ಮೊದಲು," ಎನ್ನುತ್ತ ಮಿಯಾ ಕಲ್ಲಿಗೆ ಮೇಣದುಂಡೆ ಒತ್ತಿ ಗೆರೆ ಎತ್ತಿದರು. ಬಂಗಾರದ ಪುಡಿ ಅಂಟಿದಷ್ಟು ಮೇಣ ಕಿತ್ತು ಅವಳ ಅಂಗೈಗಿಟ್ಟರು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿಗೆ ಕಟ್ಟಿಕೊಂಡಳು.