ಬಂದ್ ಡಬ್ಬಿ ಖಾಲಿ ಇತ್ತು

ಏಕಸಂಬ್ಯಾಗ ನಂದೊಂದು ಔಷಧ ಅಂಗಡಿ. ಯಾರರೆ ಮೊಬೈಲ್ ಮುಂದ ಹಿಡದು "ಇವಷ್ಟ ಕೊಡ್ರಿ ಅಕ್ಕಾರ" ಅಂದ್ರ ಮೈಯೆಲ್ಲಾ ಉರೀತಿತ್ತು. "ಪೂರ್ತಿ ಕಾಗದ ತರ್ರಿ! ಅರ್ಧಾ ಫೋಟೋ ನೋಡಿ ಗುಳಿಗಿ ಕೊಡಾಕ ನಾ ಏನ ಜ್ಯೋತಿಷಿ ಏನ್ರಿ?" ಅಂತ ಬೈದು ಹೊಳ್ಳಿ ಕಳಸ್ತಿದ್ದೆ. ನನ್ನ ಬಾಯಿಗಿ ಅಂಜದ ಗಿರಾಕಿ ಊರಾಗ ಇರಲಿಲ್ಲ.

ಅಪ್ಪಗ ಎದಿಬ್ಯಾನಿ ಬಂದು ಮಿರಜದಾಗ ದವಾಖಾನಿ ಸೇರಿದ್ದ. ಬಿಡುಗಡಿ ಆದ ದಿವಸ, ಅಪ್ಪನ ಸಂಗಾಟ ಇದ್ದ ನನ್ನ ತಮ್ಮ, ಗುಳಿಗಿ ಯಾದಿಯ ಫೋಟೋ ವಾಟ್ಸಾಪ್‌ನ್ಯಾಗ ಕಳಿಸಿದ. "ಅಕ್ಕಾ, ನಾವು ಬರೂದ್ರಾಗ ತಯಾರ ಮಾಡಿ ಇಡು" ಅಂದ. ನಾ ಮೂರು ಡಬ್ಬಿಗಿ ಚಾಲೂ, ಹೊಸಾ, ಬಂದ್ ಅಂತ ಚೀಟಿ ಅಂಟಿಸಿ ಕುಂತೆ. ಸಕ್ಕರಿ ಗುಳಿಗಿ, ಆಸ್ಪಿರಿನ್ ಚಾಲೂ. ಮೆಟೊಪ್ರೊಲಾಲ್, ಕೊಲೆಸ್ಟ್ರಾಲಿಂದು ಒಂದು, ಹೊಸಾವು. ಅದರ ತಳಗ ಫೋಟೋದಾಗ ತಮ್ಮನ ಹೆಬ್ಬಟ್ಟು ಅಡ್ಡ ಬಂದು, ಎರಡ ಸಾಲು ಮುಚ್ಚಿಬಿಟ್ಟಿತ್ತು.

ಅಪ್ಪ ಎಷ್ಟೋ ವರ್ಷದಿಂದ ಬಿಪಿಗಿ ತಗೋತಿದ್ದ ಅಟೆನೊಲಾಲ್ ಎಲ್ಲೂ ಕಾಣಲಿಲ್ಲ. ಅದೂ ಮೆಟೊಪ್ರೊಲಾಲೂ ಒಂದ ಜಾತಿ, ಎರಡೂ ನಾಡಿ ಇಳಸಾವು. ಕೂಡಿ ಕೊಡಬಾರದಂತ ನನಗ ಗೊತ್ತಿತ್ತು. ಆದ್ರ ಇಷ್ಟ ದಿವಸ ನಾನ ಕೊಟ್ಟ ಗುಳಿಗಿ, ಅದನ್ಯಾಕ ಬಿಡಸ್ತಾರ? ಹೆಬ್ಬಟ್ಟಿನ ಕೆಳಗ ಐತಿ, ಡಾಕ್ಟರ್ ವಿಚಾರ ಮಾಡೇ ಎರಡೂ ಬರದಿರಬೇಕು ಅಂದ್ಕೊಂಡು ಚಾಲೂ ಡಬ್ಬಿಗಿ ಹಾಕಿದೆ. ಒಂದು ಫೋನ್ ಮಾಡಾಕ ಏನ ಧಾಡಿ ಆಗಿತ್ತೋ! ಬಂದ್ ಡಬ್ಬಿ ಖಾಲಿ ಉಳೀತು.

ಅಪ್ಪ ಮನಿಗಿ ಬಂದ. ಅವ್ವ ದವಾಖಾನಿ ಕಾಗದ ಮಡಚಿ, ಅರಿಶಿಣದ ಭಂಡಾರ ಹಚ್ಚಿ, ದೇವರ ಜಗಲಿ ಮ್ಯಾಲ ಇಟ್ಟಳು. ನಮ್ಮ ಮನ್ಯಾಗ ಜಗಲಿಗಿ ಏರಿದ ಕಾಗದಾ ಯಾರೂ ಮುಟ್ಟಾಂಗಿಲ್ಲ, ನಾನೂ ಮುಟ್ಟಲಿಲ್ಲ.

ಮೂರನೇ ದಿವಸ ಮಧ್ಯಾಹ್ನ ಅಪ್ಪ ಊಟಕ್ಕ ಏಳಾಕ ಹೋಗಿ, "ಕಣ್ಣಿಗಿ ಕತ್ತಲಿ ಬರಾಕತ್ತೇತಿ ಯವ್ವಾ" ಅಂತ ಗ್ವಾಡಿ ಹಿಡಕೊಂಡ. ನಾಡಿ ಹಿಡದು ಎಣಿಸಿದೆ, ನಲವತ್ತೆರಡು. ಜಗಲಿ ಮ್ಯಾಲಿನ ಕಾಗದಾ ಕಸದು ಬಿಚ್ಚಿದೆ. ಹೆಬ್ಬಟ್ಟು ಇದ್ದ ಜಾಗಾದಾಗ ಸ್ವಚ್ಛ ಬರದಿತ್ತು: ನಿಲ್ಲಿಸಬೇಕಾದ್ದು, ಅಟೆನೊಲಾಲ್.

ದವಾಖಾನಿಗಿ ಫೋನ್ ಹಚ್ಚಿದ್ರ, "ಇನ್ನೇನೂ ಕೊಡಬ್ಯಾಡ್ರಿ, ಈಗಿಂದೀಗ ಕರಕೊಂಡ ಬರ್ರಿ" ಅಂದ್ರು. ಮಿರಜ ಮುಟ್ಟೂತನಕ ಅಪ್ಪನ ಮಣಿಕಟ್ಟಿನಿಂದ ಬೆರಳು ತಗೀಲಿಲ್ಲ. ಇಸಿಜಿ ಮಾಡಿ, ಎರಡೂ ಗುಳಿಗಿ ತಡದು, ಒಂದ ದಿವಸ ಇಟಗೊಂಡ್ರು. ನಾಡಿ ಅರವತ್ತಕ್ಕ ಬಂದ ಮ್ಯಾಲ ಮೆಟೊಪ್ರೊಲಾಲ್ ಅಷ್ಟ ಕೊಡ್ರಿ ಅಂದ್ರು. ಡಾಕ್ಟರ್ ಒಂದ ಮಾತೂ ಬೈಲಿಲ್ಲ, "ಯಾದಿ ಪೂರ್ತಿ ನೋಡೂದಲ್ರಿ?" ಅಂದ್ರು ಅಷ್ಟ. ನಾ ತಲಿ ತಗ್ಗಿಸಿ ನಿಂತೆ.

ಹಾಸಿಗ್ಯಾಗ ಮಲಗಿದ್ದ ಅಪ್ಪ ನನ್ನ ಮಾರಿ ನೋಡಿ ನಕ್ಕ.

"ಯವ್ವಾ, ನಿನ್ನ ಅಂಗಡ್ಯಾಗ ಜ್ಯೋತಿಷಿದೊಂದು ಬೈಗಳ ಐತೆಲ್ಲ, ಅದನ್ನೊಮ್ಮಿ ಹೇಳ. ಕೇಳೂಣು."