ಸುಸಲಾ ಆದ ಚುರುಮುರಿ

ಸಂಜೆ ಐದೂ ನಲವತ್ತಕ್ಕೆ ಎಡವಟ್ಟು ಶುರುವಾಯಿತು. ಟೊಮೆಟೊ, ಉಳ್ಳಾಗಡ್ಡಿಯನ್ನು ಮೊದಲೇ ಬೆರೆಸಿಟ್ಟಿದ್ದರಿಂದ ನನ್ನ ಚುರುಮುರಿ ಮೆತ್ತಗಾಗಿತ್ತು.

“ಚುರುಮುರಿ ನೀರಾಗ ನೆನಸಿ ಮೆತ್ತನ್ನ ಸುಸಲಾ ಮಾಡೀಯೇನವ್ವಾ?” ಖಾನಾಪುರದಿಂದ ಬಂದಿದ್ದ ಅತ್ತೆ ನಕ್ಕರು.

ಅವಮಾನವಾಗಿ, ಮತ್ತೆ ಮಾಡಲು ಒಗ್ಗರಣೆಗೆ ಎಣ್ಣೆಯಿಟ್ಟು ಚುರುಮುರಿ ಡಬ್ಬಿ ಹುಡುಕಲು ಹೋದೆ. ತಿರುಗಿ ಬಂದಾಗ ಬಾಣಲೆಯಲ್ಲಿ ಬೆಂಕಿ. ನೀರಿನ ತಂಬಿಗೆ ಎತ್ತಿದೆ.

“ನೀರ ಹಾಕಬ್ಯಾಡ.” ಅತ್ತೆ ಗ್ಯಾಸ್ ಬಂದ್ ಮಾಡಿ ಬಾಣಲೆಗೆ ತಾಟು ಮುಚ್ಚಿದರು.

ಆಮೇಲೆ ಪ್ರತಿ ರಾತ್ರಿ, ಒಲೆ ಆರಿದೆಯೇ ಎಂದು ನೋಡಲು ಮತ್ತೆ ಮತ್ತೆ ಏಳುತ್ತಿದ್ದೆ. ಅತ್ತೆಯೂ ಎಚ್ಚರವಿರುತ್ತಿದ್ದರು.

ಶನಿವಾರ ಸಂಜೆ ಅವರು ನನ್ನ ಬಾಜು ನಿಂತರು. “ಚುರುಮುರಿ ಬೆಚ್ಚಗ ಹುರದು ಆರಲಿ ಬಿಡು. ಒಗ್ಗರಣಿ ಮುಗಿಯೂತನಕ ಒಲಿ ಬಿಟ್ಟ ಹೋಗಬ್ಯಾಡ. ಹಸೀದೆಲ್ಲ ತಿನ್ನೂಮುಂದ ಬೆರಸು.”

ಚುರುಮುರಿ ಬಾಯಲ್ಲಿ ಕರುಂ ಎಂದಿತು. ಅಂದು ಇಬ್ಬರೂ ಬೆಳಗಿನವರೆಗೆ ಮಲಗಿದೆವು.